ಮನೆ ಬೇಕರಿಗೆ ಹೆಸರಿಡುವ ಮೊದಲು ಹತ್ತು ಜನರ ಕಿವಿಗೆ ಹಾಕಿ ನೋಡಿ

ಮೈಸೂರಿನ ನಮ್ಮ ಮನೆಯಲ್ಲಿ ಕೇಕ್ ಮಾಡಿ ಮಾರಲು ಶುರು ಮಾಡಿದಾಗ ನಾನು ಇಟ್ಟ ಹೆಸರು Knead n Crumb. ಹಿಟ್ಟು ನಾದುವುದಕ್ಕೆ ಇಂಗ್ಲಿಷಿನಲ್ಲಿ ನೀಡ್ ಅನ್ನುತ್ತಾರೆ, ಆದರೆ ಬರೆಯುವಾಗ ಮುಂದೆ ಒಂದು ಕೆ ಬರುತ್ತದೆ. ಕ್ರಮ್ ಅಂದರೆ ಬ್ರೆಡ್ಡಿನ ಪುಡಿ, ಅದರ ಕೊನೆಯಲ್ಲಿ ಒಂದು ಬಿ ಇದೆ, ಅದನ್ನೂ ಯಾರೂ ಬಾಯಲ್ಲಿ ಹೇಳುವುದಿಲ್ಲ. ಬಾಕ್ಸಿನ ಮೇಲೆ ಹೆಸರು ತುಂಬಾ ಚೆನ್ನಾಗಿ ಕಾಣುತ್ತಿತ್ತು. ತೊಂದರೆ ಶುರುವಾದದ್ದು ಫೋನಿನಲ್ಲಿ.

ಒಂದು ದಿನ ಗೊತ್ತಿಲ್ಲದ ಒಬ್ಬರು ಫೋನ್ ಮಾಡಿದರು. ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ನನ್ನ ಕೇಕ್ ತಿಂದಿದ್ದರಂತೆ, ಆ ಮನೆಯವರ ಹತ್ತಿರ ನಂಬರ್ ತಗೊಂಡಿದ್ದರು. "ಮೇಡಂ, ಒಂದು ಕೇಕ್ ಬೇಕಿತ್ತು, ಫೋಟೋ ನೋಡೋಣ ಅಂದ್ರೆ ಇನ್‌ಸ್ಟಾಗ್ರಾಮಲ್ಲಿ ನಿಮ್ಮ ಪೇಜ್ ಸಿಗ್ತಾನೇ ಇಲ್ಲ." ನಾನು ಒಂದೊಂದೇ ಅಕ್ಷರ ಹೇಳಿದೆ. ಕೆ, ಎನ್, ಇ, ಎ, ಡಿ. "ಕೆ ಯಾಕೆ ಬರುತ್ತೆ?" ಎಂದರು. ವಿವರಿಸಿದೆ. ಆಮೇಲೆ ನಡುವಿನ ಎನ್ ಅಕ್ಷರವನ್ನು and ಎಂದು ಹಾಕಿ ಹುಡುಕಿದರು, ಬೇರೆ ಯಾರದೋ ಪೇಜ್ ಬಂತು. "ಸರಿ ಬಿಡಿ, ಆಮೇಲೆ ನೋಡ್ತೀನಿ" ಎಂದು ಫೋನ್ ಇಟ್ಟರು. ಮತ್ತೆ ಫೋನ್ ಬರಲಿಲ್ಲ. ಇಂಥದ್ದು ಎಷ್ಟು ಸಲ ಆಯಿತೋ ಲೆಕ್ಕವಿಲ್ಲ, ಯಾಕೆಂದರೆ ಸಿಗದೆ ವಾಪಸ್ ಹೋದವರೆಲ್ಲ ಫೋನ್ ಮಾಡಿ ಹೇಳುವುದಿಲ್ಲ. ಹದಿನಾಲ್ಕು ತಿಂಗಳ ಮೇಲೆ ಹೆಸರು ಬದಲಾಯಿಸಿದೆ. ಅಚ್ಚು ಹಾಕಿಸಿದ್ದ ಆರು ನೂರು ಸ್ಟಿಕ್ಕರ್ ಹಾಗೇ ಉಳಿದವು. ಹಳೇ ಗಿರಾಕಿಗಳಿಗೆಲ್ಲ ಮತ್ತೆ ಒಬ್ಬೊಬ್ಬರಿಗೇ ಹೊಸ ಹೆಸರು ಹೇಳಬೇಕಾಯಿತು.

ಹೋದ ವರ್ಷ ಶಿವಮೊಗ್ಗದಲ್ಲಿರುವ ಚಿಕ್ಕಮ್ಮನ ಮಗಳು, ನನ್ನ ತಂಗಿ, ಮನೆಯಲ್ಲೇ ಬೇಕರಿ ಶುರು ಮಾಡಲು ಹೊರಟಳು. ರಾಗಿ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ಬಾಳೆಹಣ್ಣಿನ ಕೇಕ್, ಆರ್ಡರ್ ಬಂದರೆ ಹುಟ್ಟುಹಬ್ಬದ ಕೇಕ್. "ಅಕ್ಕಾ, ಒಂದು ಒಳ್ಳೆ ಹೆಸರು ಹೇಳು" ಎಂದಳು. ಒಂದು ಹೆಸರು ಹೇಳಿ ಸುಮ್ಮನಾಗಲಿಲ್ಲ, ಈ ಸಲ ಇಬ್ಬರೂ ಸೇರಿ ಕ್ರಮವಾಗಿ ಮಾಡಿದೆವು. ಎರಡು ವಾರ ಹಿಡಿಯಿತು. ಹೇಗೆ ಮಾಡಿದೆವು ಎಂದು ಇಲ್ಲಿ ಬರೆಯುತ್ತಿದ್ದೇನೆ, ನೀವೂ ಹಾಗೇ ಮಾಡಬಹುದು.

ಮೊದಲು: ಹೆಸರು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೋಡಿ

ರಸ್ತೆ ಬದಿಯ ಬೇಕರಿಗೆ ಬೋರ್ಡ್ ಇರುತ್ತದೆ. ಜನ ಹೆಸರು ಓದದಿದ್ದರೂ "ಆ ಸರ್ಕಲ್ ಹತ್ತಿರದ ಬೇಕರಿ" ಎಂದು ಬರುತ್ತಾರೆ. ಮನೆ ಬೇಕರಿಗೆ ಅದಿಲ್ಲ. ನಿಮ್ಮ ಹೆಸರು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುತ್ತದೆ. ಕೇಳಿದವರು ಅದನ್ನು ಮೊಬೈಲಿನಲ್ಲಿ ಟೈಪ್ ಮಾಡುತ್ತಾರೆ, ಅದೂ ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದ ಪದವಾದರೂ ಅಷ್ಟೇ. ಇನ್‌ಸ್ಟಾಗ್ರಾಮಿನ ಯೂಸರ್‌ನೇಮಿನಲ್ಲಿ ಕನ್ನಡ ಅಕ್ಷರ ಹಾಕುವ ಹಾಗೇ ಇಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕೆ ಮತ್ತು ಅಂಡರ್‌ಸ್ಕೋರ್, ಎಲ್ಲ ಸೇರಿ 30ರ ಒಳಗಿರಬೇಕು.

ಹಾಗಾಗಿ ನಾವು ಕೇಳಿಕೊಂಡ ಪ್ರಶ್ನೆ ಒಂದೇ. ಈ ಹೆಸರನ್ನು ಕಿವಿಯಲ್ಲಿ ಮಾತ್ರ ಕೇಳಿದವರು ಅದನ್ನು ಮೊದಲ ಸಲವೇ ಸರಿಯಾಗಿ ಟೈಪ್ ಮಾಡುತ್ತಾರಾ? ಚಂದ, ಅರ್ಥ, ಲೋಗೋ ಎಲ್ಲ ಆಮೇಲೆ.

ಆಮೇಲೆ: ಇಪ್ಪತ್ತು ಹೆಸರು ಬರೆದುಕೊಳ್ಳಿ

ಇಪ್ಪತ್ತು ಯಾಕೆ ಅಂದರೆ ಹದಿನೈದಕ್ಕಿಂತ ಜಾಸ್ತಿ ಬಿದ್ದು ಹೋಗುತ್ತವೆ. ನಾಲ್ಕೇ ಹೆಸರು ಇಟ್ಟುಕೊಂಡರೆ ಒಂದೂ ಉಳಿಯದೆ, ಕೊನೆಗೆ ಸೋತು ಮಗಳ ಹೆಸರೇ ಇಡುತ್ತೀರಿ.

ಹೆಸರು ಹುಡುಕುವಾಗ ಬೇಕಿಂಗಿಗೆ ಸಂಬಂಧಪಟ್ಟ ಇಂಗ್ಲಿಷ್ ಪದಗಳ ಪಟ್ಟಿ ತೆಗೆಯಬೇಡಿ. ಎಲ್ಲರೂ ಅಲ್ಲೇ ಹುಡುಕುತ್ತಾರೆ. ಓವನ್, ವಿಸ್ಕ್, ಶುಗರ್, ಕ್ರೀಮ್, ಬಟರ್ ಇವನ್ನೇ ಅದಲು ಬದಲು ಮಾಡಿದ ಹೆಸರುಗಳು ಊರ ತುಂಬ ಇವೆ, ಕೇಳಿದವರಿಗೆ ಒಂದಕ್ಕೊಂದು ಕಲಸಿಹೋಗುತ್ತವೆ. ನಿಮ್ಮ ಮನೆ ಸುತ್ತ ಒಮ್ಮೆ ಕಣ್ಣಾಡಿಸಿ. ಪಾತ್ರೆ, ಮರ, ಹಕ್ಕಿ, ಆಟದ ಸಾಮಾನು, ಮನೆಯ ಒಂದು ಭಾಗ. ಕಣ್ಣು ಮುಚ್ಚಿದರೆ ಚಿತ್ರ ಬರುವಂಥ ಪದ ಬೇಕು. ಪ್ರೀತಿ, ಸಂತೋಷ, ಸವಿ, ರುಚಿ ಇವಕ್ಕೆ ಚಿತ್ರ ಇಲ್ಲ, ಹಾಗಾಗಿ ಮೂರು ದಿನದಲ್ಲಿ ಮರೆತುಹೋಗುತ್ತವೆ.

ನಮ್ಮ ಪಟ್ಟಿಯಲ್ಲಿ ಇದ್ದವು ಕೆಲವು: ಮಗಳ ಹೆಸರಿನಲ್ಲಿ ಶ್ರೇಷ್ಠಾ ಕೇಕ್ಸ್, ಮಲೆನಾಡು ಬೇಕ್ಸ್, ತುತ್ತು, ಗೂಡು, ಜೋನಿ (ಜೋನಿ ಅನ್ನುವ ನೀರುಬೆಲ್ಲ ನಮ್ಮ ಕಡೆಯದಲ್ವಾ ಅಂತ), ಮೊಗ್ಗು, ಗರಿಗರಿ, ಕುರುಕುರು, ಕಣಜ, ಬುಗುರಿ, ಕಿಟಕಿ.

ಕಿಟಕಿ ಹೇಗೆ ಬಂತು ಅಂದರೆ, ತಂಗಿಯ ಅಡುಗೆಮನೆಗೆ ಓಣಿಯ ಕಡೆಗೆ ಒಂದು ಅಗಲವಾದ ಕಿಟಕಿ ಇದೆ. ಅಕ್ಕಪಕ್ಕದ ಮಕ್ಕಳು ಬಿಸ್ಕತ್ತಿನ ವಾಸನೆ ಬಂದರೆ ಅಲ್ಲಿಗೆ ಬಂದು ನಿಲ್ಲುತ್ತಿದ್ದವು, ಇವಳು ಸರಳಿನ ನಡುವಿಂದಲೇ ಕೊಡುತ್ತಿದ್ದಳು. ಆ ಹೆಸರನ್ನು ಬರೆದದ್ದು ಪಟ್ಟಿಯ ಕೊನೆಯಲ್ಲಿ, ಸುಮ್ನೆ ಇರಲಿ ಅಂತ. ಅವಳ ಮನಸ್ಸು ಇದ್ದದ್ದು ಮೊಗ್ಗು ಮೇಲೆ.

ಅಕ್ಷರದ ಜರಡಿ

ಇದು ಈ ಕೆಲಸದ ಮುಖ್ಯ ಭಾಗ, ಇಲ್ಲಿ ಅವಸರ ಬೇಡ. ಒಂದು ಹಾಳೆ ತಗೊಂಡು, ಪ್ರತಿ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ಥರ ಬರೆಯಬಹುದು ಎಂದು ಬರೆಯಿರಿ. ತುತ್ತು ಎಂಬ ಚಿಕ್ಕ ಪದವನ್ನೇ ನೋಡಿ. tuttu, thuttu, thutthu, tutthu. ಎರಡೇ ಅಕ್ಷರ, ನಾಲ್ಕು ದಾರಿ. ಕಾರಣ ನಮ್ಮ ತ. ಕನ್ನಡದವರು ಹೆಚ್ಚಾಗಿ ತ ಬರೆಯಲು th ಹಾಕುತ್ತೇವೆ, ಹಿಂದಿಯವರು ಬರೀ t ಹಾಕುತ್ತಾರೆ, ಒತ್ತಕ್ಷರ ಬಂದರೆ ನಮ್ಮಲ್ಲೇ ಒಬ್ಬೊಬ್ಬರು ಒಂದೊಂದು ಥರ. ತುತ್ತು ಎಂಬುದು ನನಗೆ ತುಂಬಾ ಇಷ್ಟವಾದ ಹೆಸರು, ಆದರೂ ಅಲ್ಲೇ ಬಿಟ್ಟೆವು.

ದೀರ್ಘ ಸ್ವರ ಇದ್ದರೂ ಇದೇ ಕಥೆ. ಗೂಡು ಎಂಬುದನ್ನು gudu ಎಂದೂ ಬರೆಯುತ್ತಾರೆ, goodu ಎಂದೂ ಬರೆಯುತ್ತಾರೆ. ಜೋನಿ ಇನ್ನೂ ಕಷ್ಟ. joni, jony, joani ಎಲ್ಲ ಆದಮೇಲೆ, ಬೆಂಗಳೂರಿನ ನನ್ನ ಗೆಳತಿ ಕೇಳಿದ ಕೂಡಲೇ Johnny ಎಂದೇ ಬರೆದಳು. ಅವಳಿಗೆ ಜೋನಿ ಬೆಲ್ಲ ಗೊತ್ತೇ ಇಲ್ಲ. ಶ್ರೇಷ್ಠಾ ವಿಷಯ ಹೇಳುವುದೇ ಬೇಡ, ಶ ಎಲ್ಲಿ, ಷ ಎಲ್ಲಿ, ಠಕ್ಕೆ h ಹಾಕಬೇಕಾ, ಕೊನೆಗೆ ಒಂದು a ಸಾಕಾ ಎರಡು ಬೇಕಾ. ಮಕ್ಕಳ ಹೆಸರಿಡುವುದು ತಪ್ಪಲ್ಲ, ಅದು ಕಮಲ ಅಥವಾ ಮೀರಾ ಥರ ಸುಲಭವಾಗಿದ್ದರೆ ಪರವಾಗಿಲ್ಲ.

ಇದು ಬರೆಯುವ ಕಡೆಯ ತೊಂದರೆ. ಓದುವ ಕಡೆಯಿಂದಲೂ ಒಂದು ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕನ್ನಡದಲ್ಲಿ ಎಷ್ಟೋ ಒಳ್ಳೆಯ ಪದಗಳು ಎಕಾರದಲ್ಲಿ ಮುಗಿಯುತ್ತವೆ. ಮನೆ, ಒಲೆ, ಅಕ್ಕರೆ, ಬಾಳೆ. ಇಂಗ್ಲಿಷಿನಲ್ಲಿ ಬರೆದರೆ ಕೊನೆಗೆ e ಬರುತ್ತದೆ, ಕನ್ನಡ ಬಾರದವರು ಅದನ್ನು ನುಂಗಿ ಓದುತ್ತಾರೆ. Mane ಎಂದು ಬರೆದರೆ ಅವರಿಗೆ ಅದು ಮೇನ್, ಕುದುರೆಯ ಜೂಲು. ಬಾಳೆಹಣ್ಣಿನ ಕೇಕ್ ಮಾಡುತ್ತೀಯಲ್ಲ, ಬಾಳೆ ಅಂತ ಇಡು ಎಂದು ಚಿಕ್ಕಮ್ಮ ಹೇಳಿದ್ದರು. Bale ಎಂದು ಬರೆದು ನೋಡಿದೆವು. ಬಾಳೆಯೂ ಅದೇ, ಬಳೆಯೂ ಅದೇ, ಬಲೆಯೂ ಅದೇ. ಕನ್ನಡದವರಿಗೇ ಯಾವುದೆಂದು ಗೊತ್ತಾಗದಿದ್ದರೆ ಬೇರೆಯವರ ಪಾಡೇನು? ಗೆಜ್ಜೆ, ಗಿಣಿ ಥರದ ಪದಗಳಲ್ಲಿ g ಮುಂದೆ e ಅಥವಾ i ಬರುತ್ತದೆ, ಆಗ ಅದನ್ನು ಜೆ, ಜಿ ಎಂದು ಓದುವವರು ಇದ್ದೇ ಇರುತ್ತಾರೆ.

ಬುಗುರಿ ಈ ಎಲ್ಲ ಜರಡಿಯಲ್ಲೂ ಪಾಸಾಯಿತು. ಒಂದೇ ಥರ ಬರೆಯಬಹುದು, ಓದುವುದೂ ಸುಲಭ. ಆದರೆ ಬರೆದು ದೂರದಿಂದ ನೋಡಿದಾಗ ಮೊದಲ ಮೂರು ಅಕ್ಷರ b, u, g. ತಿನ್ನುವ ಪದಾರ್ಥದ ಬಾಕ್ಸಿನ ಮೇಲೆ ಹುಳು ಎಂಬ ಅರ್ಥ ಬರುವ ಮೂರು ಅಕ್ಷರ ಮೊದಲು ಕಾಣುವುದು ಬೇಡವೆನಿಸಿತು. ಹೀಗಾಗಿ ಬರೆದ ಮೇಲೆ ಒಮ್ಮೆ ಕಣ್ಣಿಂದ ನೋಡಿ, ಒಳಗೆ ಬೇರೆ ಪದ ಅಡಗಿದೆಯಾ ಎಂದು.

ಹಾಗಾದರೆ ಯಾವ ಅಕ್ಷರ ಸುರಕ್ಷಿತ? ನಮ್ಮ ಅನುಭವದಲ್ಲಿ ಕ, ಜ, ಟ, ನ, ಪ, ಬ, ಮ, ರ, ಲ, ಸ ಇವು, ಜೊತೆಗೆ ಹ್ರಸ್ವ ಅ, ಇ, ಉ. ಎರಡು ಅಥವಾ ಮೂರು ಅಕ್ಷರದ ಪದ, ಕೊನೆಯಲ್ಲಿ ಅ, ಇ ಅಥವಾ ಉ. ಇದನ್ನು ಕಟ್ಟುನಿಟ್ಟಾದ ನಿಯಮ ಎಂದುಕೊಳ್ಳಬೇಡಿ. ಬೆಣ್ಣೆ ಎಂಬ ಪದ ಎಕಾರದಲ್ಲೇ ಮುಗಿದರೂ ದಾವಣಗೆರೆ ಬೆಣ್ಣೆ ದೋಸೆಯಿಂದಾಗಿ ಎಲ್ಲರಿಗೂ benne ಎಂದೇ ಅಭ್ಯಾಸವಾಗಿದೆ. ಜನ ಈಗಾಗಲೇ ಒಂದೇ ಥರ ಬರೆಯುವ ಪದವಾದರೆ ಜರಡಿ ಏನೇ ಹೇಳಿದರೂ ಇಟ್ಟುಕೊಳ್ಳಬಹುದು.

ಕಿವಿಯ ಪರೀಕ್ಷೆ

ಜರಡಿ ಹಿಡಿದ ಮೇಲೆ ನಮ್ಮ ಹತ್ತಿರ ಉಳಿದದ್ದು ಐದು: ಮೊಗ್ಗು, ಗರಿಗರಿ, ಕುರುಕುರು, ಕಣಜ, ಕಿಟಕಿ. ಈಗ ಇದನ್ನು ಮನೆಯವರ ಮುಂದೆ ಇಟ್ಟು "ಯಾವುದು ಚೆನ್ನಾಗಿದೆ?" ಎಂದು ಕೇಳಬೇಡಿ. ಕೇಳಿದರೆ ಎಲ್ಲರೂ ಒಂದೊಂದು ಅಭಿಪ್ರಾಯ ಹೇಳುತ್ತಾರೆ, ಕೆಲವರು ಹೊಸ ಹೆಸರೇ ಕೊಡುತ್ತಾರೆ, ನಿಮಗೆ ಬೇಕಾದದ್ದು ಸಿಗುವುದಿಲ್ಲ. ಅವರು ಏನು ಟೈಪ್ ಮಾಡುತ್ತಾರೆ ಎಂಬುದಷ್ಟೇ ನಮಗೆ ಬೇಕು.

ಮಾಡುವುದು ಹೀಗೆ. ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡಿ, ಮಾಮೂಲಿ ವೇಗದಲ್ಲಿ, ಒಂದು ವಾಕ್ಯದ ಒಳಗೆ ಹೆಸರು ಬರುವ ಹಾಗೆ. "ಮೊನ್ನೆ ಕಿಟಕಿ ಬೇಕರಿಯಿಂದ ಬಿಸ್ಕತ್ತು ತರಿಸಿದ್ವಿ, ಇನ್‌ಸ್ಟಾಗ್ರಾಮಲ್ಲಿ ನೋಡು." ಹೆಸರನ್ನು ಒತ್ತಿ ಹೇಳಬಾರದು, ಬಿಡಿಸಿ ಹೇಳಬಾರದು. ಒಳ್ಳೆಯ ಪರೀಕ್ಷೆ ಆಗಬೇಕಾದರೆ ಹಿಂದೆ ಮಿಕ್ಸರ್ ಶಬ್ದವೋ ಬಸ್ ಶಬ್ದವೋ ಸ್ವಲ್ಪ ಇರಲಿ. ಹತ್ತು ಜನರಿಗೆ ಕಳಿಸಿ, ಆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿ ಎಂದು ಕೇಳಿ. ಒಬ್ಬರಿಗೆ ಎರಡು ಹೆಸರಿಗಿಂತ ಜಾಸ್ತಿ ಕಳಿಸಬೇಡಿ, ಪರೀಕ್ಷೆ ಅಂತ ಗೊತ್ತಾದರೆ ಯೋಚನೆ ಮಾಡಿ ಬರೆಯುತ್ತಾರೆ. ಹೀಗೆ ಐದು ಹೆಸರಿಗೂ ಹತ್ತತ್ತು ಜನ ಎಂದರೆ ಸುಮಾರು ಇಪ್ಪತ್ತೈದು ಜನ ಬೇಕಾಗುತ್ತಾರೆ. ಅಪಾರ್ಟ್‌ಮೆಂಟ್ ಗುಂಪು, ಹಳೇ ಕಾಲೇಜಿನ ಗುಂಪು, ನೆಂಟರು ಎಲ್ಲ ಸೇರಿದರೆ ಕಷ್ಟವಲ್ಲ.

ಯಾರನ್ನು ಆರಿಸುತ್ತೀರಿ ಎಂಬುದು ಮುಖ್ಯ. ಎಲ್ಲರೂ ನಿಮ್ಮ ವಯಸ್ಸಿನ ಗೆಳತಿಯರೇ ಆದರೆ ಉಪಯೋಗವಿಲ್ಲ. ಪ್ರತಿ ಹೆಸರಿಗೂ ಅರವತ್ತು ದಾಟಿದವರು ಇಬ್ಬರು, ಕನ್ನಡ ಅಷ್ಟಾಗಿ ಬಾರದವರು ಇಬ್ಬರು, ಕರ್ನಾಟಕದ ಬೇರೆ ಭಾಗದವರು ಇಬ್ಬರು ಇರಲಿ.

ಮೊಗ್ಗು ಸೋತದ್ದು ಇಲ್ಲೇ. ತಂಗಿ ಅದರ ಮೇಲೆ ಎಷ್ಟು ಆಸೆ ಇಟ್ಟಿದ್ದಳೆಂದರೆ ಲೋಗೋ ಕೂಡ ಗೀಚಿಕೊಂಡಿದ್ದಳು. ಮಲ್ಲಿಗೆ ಮೊಗ್ಗು, ಮರಾಠಿ ಮೊಗ್ಗು, ಅಡುಗೆಮನೆಗೂ ಸಂಬಂಧ ಇದೆ, ಕೇಳಲೂ ಚೆಂದ. ಬರೆಯುವುದರಲ್ಲಿ ತೊಂದರೆ ಬರಲಿಲ್ಲ, ಹೆಚ್ಚಿನವರು moggu ಎಂದೇ ಬರೆದರು. ಆದರೆ ವಾಯ್ಸ್ ಮೆಸೇಜ್ ಕೇಳಿದ ನಮ್ಮ ದೊಡ್ಡಮ್ಮ ಟೈಪ್ ಮಾಡುವುದು ಬಿಟ್ಟು ನೇರವಾಗಿ ಫೋನ್ ಮಾಡಿದರು. "ಅಲ್ಲ ಕಣೇ, ಬೇಕರಿಗೆ ಯಾರಾದ್ರೂ ಮುಗ್ಗು ಅಂತ ಹೆಸರಿಡ್ತಾರಾ? ಮುಗ್ಗಿದ ಹಿಟ್ಟಲ್ಲಿ ಮಾಡಿದ ಬಿಸ್ಕತ್ತು ಅನ್ಕೊಳ್ತಾರೆ!" ಫೋನಿನಲ್ಲಿ ಒ ಮತ್ತು ಉ ಅವರಿಗೆ ಒಂದೇ ಥರ ಕೇಳಿಸಿತ್ತು. ಇನ್ನೊಬ್ಬರು muggu ಎಂದು ಬರೆದದ್ದನ್ನು ಆಗ ಮತ್ತೆ ನೋಡಿದೆವು. ಹತ್ತರಲ್ಲಿ ಇಬ್ಬರಿಗೆ ಬೂಷ್ಟು ಹಿಡಿದ ಹಿಟ್ಟು ನೆನಪಾಗುವ ಹೆಸರನ್ನು ಇಡಲು ಆಗುವುದಿಲ್ಲ. ತಂಗಿಗೆ ಬೇಜಾರಾಯಿತು, ನನಗೂ ಆಯಿತು. ಆದರೆ ನಾವಿಬ್ಬರೇ ಕೂತು ಎಷ್ಟು ಯೋಚಿಸಿದ್ದರೂ ಇದು ಹೊಳೆಯುತ್ತಿರಲಿಲ್ಲ, ಯಾಕೆಂದರೆ ಹೆಸರು ನಮ್ಮ ತಲೆಯಲ್ಲಿ ಆಗಲೇ ಸರಿಯಾಗಿ ಕೂತಿತ್ತು.

ಕಿಟಕಿಯ ಫಲಿತಾಂಶ ಹೀಗಿತ್ತು. ಏಳು ಜನ kitaki, ಇಬ್ಬರು kitki, ಒಬ್ಬಳು kidaki. ಆ ಕೊನೆಯವಳು ಧಾರವಾಡದ ಕಡೆಯವಳು, ಅವರ ಮನೆಯಲ್ಲಿ ಕಿಡಕಿ ಅನ್ನುತ್ತಾರೆ. ಹತ್ತರಲ್ಲಿ ಏಳು ಜನ ಒಂದೇ ಥರ ಬರೆದರೆ ಅದು ಒಳ್ಳೆಯ ಹೆಸರು ಎಂದು ನಾವು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆವು. ಉಳಿದ ಮೂವರು ಬರೆದದ್ದೂ ತೀರಾ ದೂರ ಹೋಗಿಲ್ಲ ಎಂಬುದನ್ನೂ ನೋಡಿ. ತಪ್ಪು ಒಂದೇ ಥರದ್ದಾಗಿದ್ದರೆ ಅದನ್ನು ಹಿಡಿಯಬಹುದು, ಅದು ಹೇಗೆಂದು ಮುಂದೆ ಹೇಳುತ್ತೇನೆ. ಹತ್ತು ಜನ ಆರು ಥರ ಬರೆದರೆ ಏನೂ ಮಾಡಲಾಗುವುದಿಲ್ಲ.

ಮೂರು ದಿನ ಬಿಟ್ಟು ಅದೇ ಜನರಿಗೆ ಇನ್ನೊಂದು ಪ್ರಶ್ನೆ: "ಮೊನ್ನೆ ಒಂದು ಬೇಕರಿ ಹೆಸರು ಕಳಿಸಿದ್ನಲ್ಲ, ಏನದು?" ಸುಳಿವು ಕೊಡಬೇಡಿ. ಕಿಟಕಿ ಎಂದು ಒಂಬತ್ತು ಜನ ಹೇಳಿದರು. ಗರಿಗರಿಯನ್ನು ಆರು ಜನ ಸರಿಯಾಗಿ ಹೇಳಿದರು, ಉಳಿದವರು "ಕುರುಕುರುನಾ? ಗರಿಮುರಿನಾ?" ಎಂದು ತಡವರಿಸಿದರು. ಕಣಜ ಎಂಬ ಪದ ಪೇಟೆಯಲ್ಲಿ ಬೆಳೆದ ಹುಡುಗರಿಗೆ ಗೊತ್ತೇ ಇರಲಿಲ್ಲ, ಹಾಗಾಗಿ ನೆನಪೂ ಉಳಿಯಲಿಲ್ಲ.

ಯಾರಾದರೂ ಇಟ್ಟಿದ್ದಾರಾ ಎಂದು ಹುಡುಕುವುದು

ಮೊದಲು ಗೂಗಲ್, ಮ್ಯಾಪ್ಸ್, ಇನ್‌ಸ್ಟಾಗ್ರಾಮ್. ಹೆಸರಿನ ಜೊತೆ ನಿಮ್ಮ ಊರು ಸೇರಿಸಿ ಒಮ್ಮೆ, ಬರೀ ಹೆಸರು ಒಮ್ಮೆ, ತಪ್ಪು ಸ್ಪೆಲ್ಲಿಂಗಿನಲ್ಲೂ ಒಮ್ಮೆ ಹುಡುಕಿ. ಕಣಜ ಎಂದು ಹಾಕಿದರೆ ಕರ್ನಾಟಕ ಸರ್ಕಾರದ ಜ್ಞಾನಕೋಶದ ಜಾಲತಾಣ ಬರುತ್ತದೆ, ಅದನ್ನು ದಾಟಿ ಒಂದು ಮನೆ ಬೇಕರಿ ಮೇಲೆ ಬರುವುದು ಕಷ್ಟ. ಮಲೆನಾಡು ಎಂದು ಹಾಕಿದರೆ ಹೋಮ್‌ಸ್ಟೇಯಿಂದ ಹಿಡಿದು ಜೇನುತುಪ್ಪದವರೆಗೆ ನೂರಾರು ಬರುತ್ತವೆ, ಜೊತೆಗೆ Malenadu ಮತ್ತು Malnad ಎಂದು ಎರಡು ಥರ.

ಮುಂದಿನದು ಟ್ರೇಡ್‌ಮಾರ್ಕ್. ನೀವು ನೋಂದಣಿ ಮಾಡಿಸದಿದ್ದರೂ ಬೇರೆಯವರದ್ದನ್ನು ತುಳಿಯದ ಹಾಗೆ ನೋಡಿಕೊಳ್ಳಬೇಕು. ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ ಟ್ರೇಡ್‌ಮಾರ್ಕ್ ಪಬ್ಲಿಕ್ ಸರ್ಚ್ ಇದೆ, ಹಣ ಕೊಡಬೇಕಿಲ್ಲ. ಅಲ್ಲಿ ಸರಕುಗಳನ್ನು ಕ್ಲಾಸ್‌ಗಳಾಗಿ ವಿಂಗಡಿಸಿದ್ದಾರೆ, ಬ್ರೆಡ್, ಕೇಕ್, ಬಿಸ್ಕತ್ತು ಬರುವುದು 30ನೇ ಕ್ಲಾಸಿನಲ್ಲಿ. ಅಲ್ಲಿ Wordmark ಎಂದು ಒಂದು ಬಗೆಯ ಹುಡುಕಾಟ ಇದೆ, Phonetic ಎಂದು ಇನ್ನೊಂದು. ಎರಡನೆಯದನ್ನು ಬಿಡಬೇಡಿ. ಅದು ಸ್ಪೆಲ್ಲಿಂಗ್ ಬೇರೆಯಿದ್ದರೂ ಕೇಳಲು ಒಂದೇ ಥರ ಇರುವ ಹೆಸರುಗಳನ್ನು ತೋರಿಸುತ್ತದೆ. ಕಾನೂನಿನಲ್ಲೂ ನೋಡುವುದು ಕಿವಿಗೆ, ಕಣ್ಣಿಗೆ ಎಷ್ಟು ಹತ್ತಿರ ಎಂಬುದನ್ನೇ. ಕುರುಕುರು ನಮಗೆ ಎಷ್ಟೇ ಸಹಜವಾದ ಕನ್ನಡ ಪದವಾದರೂ, ಕೇಳಿದ ಕೂಡಲೇ ಅಂಗಡಿಯಲ್ಲಿ ತೂಗುಹಾಕಿರುವ Kurkure ಪ್ಯಾಕೆಟ್ ನೆನಪಾಗುತ್ತದೆ ಅಲ್ವಾ? ಅಷ್ಟು ದೊಡ್ಡ ಕಂಪನಿಯ ತಿಂಡಿಯ ಹೆಸರಿನ ಪಕ್ಕ ಹೋಗಿ ನಿಲ್ಲುವ ಕೆಲಸ ಬೇಡ.

ಗರಿಗರಿ ಬಿಟ್ಟದ್ದಕ್ಕೆ ಕಾರಣ ಬೇರೆ. ಅದು ತಿಂಡಿಯ ಗುಣವನ್ನೇ ಹೇಳುವ ಪದ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ವಸ್ತುವಿನ ಗುಣ, ಬಗೆ, ಊರು ಇವನ್ನಷ್ಟೇ ಹೇಳುವ ಪದವನ್ನು ಸಾಮಾನ್ಯವಾಗಿ ಒಬ್ಬರ ಸ್ವಂತಕ್ಕೆ ಕೊಡುವುದಿಲ್ಲ. ನಾಳೆ ಪಕ್ಕದ ಬೀದಿಯವರು ಗರಿಗರಿ ರಸ್ಕ್ ಎಂದು ಮಾರಿದರೆ ನೀವು ಕೇಳುವ ಹಾಗಿಲ್ಲ. ಜೊತೆಗೆ ತಂಗಿ ಕೇಕನ್ನೂ ಮಾಡುತ್ತಾಳೆ, ಗರಿಗರಿಯಾದ ಕೇಕ್ ಯಾರಿಗೆ ಬೇಕು! ಕಿಟಕಿಗೂ ಬಿಸ್ಕತ್ತಿಗೂ ನೇರ ಸಂಬಂಧ ಇಲ್ಲದಿರುವುದೇ ಇಲ್ಲಿ ಅನುಕೂಲ. ನೋಂದಣಿ ಮಾಡಿಸುವುದಾದರೆ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸಿಗೆ 4,500 ರೂಪಾಯಿ ಸರ್ಕಾರಿ ಶುಲ್ಕ. ಶುರುವಿನಲ್ಲೇ ಬೇಕಾಗಿಲ್ಲ, ಆರು ತಿಂಗಳು ವ್ಯಾಪಾರ ನಡೆಯಲಿ ಎಂದು ನಾವು ಬಿಟ್ಟಿದ್ದೇವೆ.

ಹೆಸರಿನ ಬಾಲ

ಮುಖ್ಯ ಪದ ಸಿಕ್ಕಿದ ಮೇಲೆ ಹಿಂದೆ ಏನು ಸೇರಿಸುವುದು ಎಂಬ ಪ್ರಶ್ನೆ. ಪ್ಯಾಟಿಸರಿ, ಬೇಕ್‌ಹೌಸ್, ಕನ್‌ಫೆಕ್ಷನ್ಸ್ ಇವೆಲ್ಲ ನಮ್ಮ ಜನರ ಬಾಯಲ್ಲಿ ಇಲ್ಲದ ಪದಗಳು, ಬರೆಯುವುದಂತೂ ದೂರ. ಬೇಕರಿ ಎಂಬುದನ್ನು ಎಲ್ಲರೂ ಚಿಕ್ಕಂದಿನಿಂದ ಬೋರ್ಡಿನ ಮೇಲೆ ನೋಡಿದ್ದಾರೆ, bakery ಎಂದು ಬರೆಯಲು ಬರುತ್ತದೆ. ಅದೇ ಸಾಕು.

ಬಾಲ ಉದ್ದ ಮಾಡಿದರೆ ಜನ ಅದನ್ನು ಹೇಗಿದ್ದರೂ ಕತ್ತರಿಸುತ್ತಾರೆ. ಮಾವಳ್ಳಿ ಟಿಫನ್ ರೂಮ್ಸ್ ಎಂದು ಯಾರೂ ಹೇಳುವುದಿಲ್ಲ, ಎಂಟಿಆರ್. ವಿ.ವಿ. ಪುರಂನ ವಿ.ಬಿ. ಬೇಕರಿಯನ್ನು ವಿಶ್ವೇಶ್ವರಪುರಂ ಬೇಕರಿ ಎಂದು ಕರೆದವರನ್ನು ನಾನು ಕಂಡಿಲ್ಲ. ಮಲ್ಲೇಶ್ವರದ ಸಿಟಿಆರ್ ಹೆಸರು ಬದಲಾಗಿ ಶ್ರೀ ಸಾಗರ್ ಆಗಿ ಎಷ್ಟೋ ವರ್ಷವಾಯಿತು, ಜನ ಇನ್ನೂ ಸಿಟಿಆರ್ ಅನ್ನುತ್ತಾರೆ. ಅವರೇ ಕತ್ತರಿಸುವ ಮೊದಲು ನೀವೇ ಚಿಕ್ಕದು ಮಾಡಿ ಕೊಡಿ. ನಿಮ್ಮ ಹೆಸರನ್ನು ಅವಸರದಲ್ಲಿ ಹೇಳಿ ನೋಡಿ, ಯಾವ ಭಾಗ ಉಳಿಯುತ್ತದೋ ಅದೇ ನಿಜವಾದ ಹೆಸರು.

ಬಾಲದಲ್ಲಿ ಎಗ್‌ಲೆಸ್ ಎಂದು ಸೇರಿಸಲು ತಂಗಿಗೆ ಮನಸ್ಸಿತ್ತು, ಹುಡುಕುವವರಿಗೆ ಸಿಗುತ್ತದೆ ಎಂದು. ನಾನು ಬೇಡವೆಂದೆ. ಒಂದು ವರ್ಷದ ಮೇಲೆ ಮೊಟ್ಟೆ ಹಾಕಿದ ಸ್ಪಂಜ್ ಕೇಕ್ ಮಾಡಬೇಕೆನಿಸಿದರೆ ಹೆಸರೇ ಅಡ್ಡ ಬರುತ್ತದೆ. ಮೊಟ್ಟೆ ಇಲ್ಲ ಎಂಬುದನ್ನು ಹೇಳಲು ಲೇಬಲ್ಲಿನ ಹಸಿರು ಚುಕ್ಕೆ ಇದೆ, ಪೇಜಿನ ಪರಿಚಯದ ಸಾಲು ಇದೆ. ಊರಿನ ಹೆಸರೂ, ಒಂದೇ ತಿಂಡಿಯ ಹೆಸರೂ ಹೀಗೇ, ಇವತ್ತು ಸರಿ ಎನಿಸಿ ನಾಳೆ ಕಟ್ಟಿಹಾಕುತ್ತವೆ.

ಒಂದೇ ಸ್ಪೆಲ್ಲಿಂಗ್, ಎಲ್ಲ ಕಡೆ

ಈಗ ಯೂಸರ್‌ನೇಮ್ ತಗೊಳ್ಳಿ. kitakibakery ಎಂದು ಬಿಡುವಿಲ್ಲದೆ, ಚುಕ್ಕೆ ಅಂಡರ್‌ಸ್ಕೋರ್ ಇಲ್ಲದೆ ಹನ್ನೆರಡು ಅಕ್ಷರ. ಅಂಡರ್‌ಸ್ಕೋರ್ ಹಾಕಿದರೆ ಫೋನಿನಲ್ಲಿ "ಕೆಳಗಡೆ ಗೆರೆ ಇರುತ್ತಲ್ಲ ಅದು" ಎಂದು ವಿವರಿಸಬೇಕು, ಆಮೇಲೆ "ಒಂದಾ ಎರಡಾ?" ಎಂದು ಅವರು ಕೇಳುತ್ತಾರೆ. ನಿಮಗೆ ಬೇಕಾದದ್ದು ಸಿಗದಿದ್ದರೆ ಅಂಕಿ ಸೇರಿಸುವ ಬದಲು ಊರಿನ ಹೆಸರು ಸೇರಿಸಿ, ಅದನ್ನು ಬಾಯಲ್ಲಿ ಹೇಳಬಹುದು. ಇಲ್ಲಿ ಊರು ಬರೀ ವಿಳಾಸ, ಬೇಕರಿಯ ಹೆಸರಲ್ಲ, ಮುಂದೆ ಬದಲಾಯಿಸಿದರೂ ನಷ್ಟವಿಲ್ಲ.

ಪರೀಕ್ಷೆಯಲ್ಲಿ ಸಿಕ್ಕ ತಪ್ಪನ್ನು ಹಿಡಿಯುವುದು ಇಲ್ಲಿ. ಇಬ್ಬರು kitki ಎಂದು ಬರೆದಿದ್ದರಲ್ಲ, ಆ ಸ್ಪೆಲ್ಲಿಂಗಿನಲ್ಲೂ ಒಂದು ಅಕೌಂಟ್ ತೆಗೆದಿಟ್ಟೆವು. ಅದರಲ್ಲಿ ಒಂದೇ ಫೋಟೋ, ಒಂದೇ ಸಾಲು, ನಮ್ಮ ಪೇಜ್ ಇದು ಎಂದು ಸರಿಯಾದ ಹೆಸರು. ಇನ್‌ಸ್ಟಾಗ್ರಾಮಿನಲ್ಲಿ ಯೂಸರ್‌ನೇಮ್ ಅಲ್ಲದೆ ಹೆಸರು ಹಾಕುವ ಇನ್ನೊಂದು ಜಾಗ ಇದೆ, ಅಲ್ಲಿ ಕನ್ನಡ ಹಾಕಬಹುದು, ಹುಡುಕಾಟದಲ್ಲೂ ಅದನ್ನು ನೋಡುತ್ತದೆ. ಅಲ್ಲಿ ಕಿಟಕಿ ಬೇಕರಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆವು.

ಬಾಕ್ಸಿನ ಸ್ಟಿಕ್ಕರಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ, ಕೆಳಗೆ ಇಂಗ್ಲಿಷಿನಲ್ಲಿ. ಕನ್ನಡ ಓದಿದವರಿಗೆ ಉಚ್ಚಾರಣೆ ತಪ್ಪುವುದೇ ಇಲ್ಲ, ಇಂಗ್ಲಿಷಿನದು ಟೈಪ್ ಮಾಡುವುದಕ್ಕೆ. ಅಕ್ಷರದ ಶೈಲಿ ಬಳ್ಳಿಬಳ್ಳಿಯಾಗಿ ಬೇಡ. ನನ್ನ ಹಳೇ ಸ್ಟಿಕ್ಕರಿನಲ್ಲಿ r ಮತ್ತು u ಅಂಟಿಕೊಂಡು ಬೇರೆ ಅಕ್ಷರದ ಥರ ಕಾಣುತ್ತಿದ್ದವು. ಸ್ಟಿಕ್ಕರನ್ನು ಬಾಕ್ಸಿಗೆ ಅಂಟಿಸಿ, ನಾಲ್ಕು ಹೆಜ್ಜೆ ದೂರ ಇಟ್ಟು, ಮನೆಯ ಹಿರಿಯರಿಂದ ಓದಿಸಿ.

ಇದೆಲ್ಲ ಮುಗಿದ ಮೇಲೆಯೇ ತಿಂಡಿ ಮಾಡಿ ಮಾರುವವರಿಗೆ ಬೇಕಾದ FSSAI ನೋಂದಣಿಗೆ ಅರ್ಜಿ ಹಾಕಿ. ಅರ್ಜಿಯಲ್ಲಿ ವ್ಯಾಪಾರದ ಹೆಸರು ಬರೆಯಬೇಕು, ಲೇಬಲ್ಲಿನ ಮೇಲೆ ತಯಾರಿಸಿದವರ ಹೆಸರು ವಿಳಾಸದ ಜೊತೆ ಆ ನೋಂದಣಿಯ 14 ಅಂಕಿಯ ನಂಬರ್ ಇರಬೇಕು. ಆಮೇಲೆ ಹೆಸರು ಬದಲಾಯಿಸಿದರೆ ಅಲ್ಲೂ ತಿದ್ದಿಸಬೇಕು, ಸ್ಟಿಕ್ಕರನ್ನೂ ಮತ್ತೆ ಮಾಡಿಸಬೇಕು. ಅರ್ಜಿಯಲ್ಲಿ Kitaki, ಸ್ಟಿಕ್ಕರಿನಲ್ಲಿ Kittaki, ವಾಟ್ಸಾಪಿನಲ್ಲಿ Kitaki's ಎಂದು ಮೂರು ಥರ ಆಗದ ಹಾಗೆ ಒಂದು ಚೀಟಿಯಲ್ಲಿ ಸರಿಯಾದ ಸ್ಪೆಲ್ಲಿಂಗ್ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇವೆ. ಸ್ಟಿಕ್ಕರ್ ಮಾಡುವ ಅಂಗಡಿಗೂ ಫೋನಿನಲ್ಲಿ ಹೇಳದೆ ಬರೆದೇ ಕಳಿಸಿದೆವು.

ಮೊದಲ ಎರಡು ತಿಂಗಳು

ಸ್ಟಿಕ್ಕರ್ ಮೊದಲಿಗೆ ನೂರು ಸಾಕು. ಒಂದಕ್ಕೆ ಬೀಳುವ ಖರ್ಚು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ಇನ್ನೂ ಹೆಸರು ಪರೀಕ್ಷೆಯಲ್ಲೇ ಇದೆ ಎಂದುಕೊಳ್ಳಿ. ಹೊಸಬರು ಆರ್ಡರ್ ಕೊಟ್ಟಾಗಲೆಲ್ಲ "ನಮ್ಮ ಪೇಜ್ ಹೇಗೆ ಸಿಕ್ತು?" ಎಂದು ಕೇಳಿ, ಅವರು ವಾಟ್ಸಾಪಿನಲ್ಲಿ ನಿಮ್ಮ ಹೆಸರನ್ನು ಹೇಗೆ ಬರೆದಿದ್ದಾರೆ ಎಂದು ನೋಡಿ ಬರೆದಿಡಿ. "ಹುಡುಕಿ ಹುಡುಕಿ ಸಾಕಾಯ್ತು" ಎಂದು ನಾಲ್ಕೈದು ಜನ ಹೇಳಿದರೆ, ಅಥವಾ ಹೆಸರು ಹೇಳದೆ "ಕೇಕ್ ಆಂಟಿ" ಎಂದೇ ಎಲ್ಲರೂ ಕರೆಯುತ್ತಿದ್ದರೆ, ಹೆಸರು ಹಿಡಿದಿಲ್ಲ ಎಂದು ಅರ್ಥ. ನೂರು ಸ್ಟಿಕ್ಕರ್ ಹೋದರೆ ಹೋಗಲಿ, ಆಗಲೇ ಬದಲಾಯಿಸಿ. ನನ್ನ ಹಾಗೆ ಹದಿನಾಲ್ಕು ತಿಂಗಳು ಕಾಯಬೇಡಿ.

ತಂಗಿ ಒಂದು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿಟ್ಟಳು. ಎರಡು ತಿಂಗಳಲ್ಲಿ ಮೂವತ್ತೊಂದು ಹೊಸ ಗಿರಾಕಿಗಳು, ಅದರಲ್ಲಿ ಇಪ್ಪತ್ನಾಲ್ಕು ಜನ ಹೆಸರು ಕೇಳಿ ಹುಡುಕಿದವರು, ಅವರಲ್ಲಿ ನಾಲ್ಕು ಜನ ಆ kitki ಅಕೌಂಟಿನ ದಾರಿಯಲ್ಲಿ ಬಂದವರು. ಆಮೇಲೆ ಐನೂರು ಸ್ಟಿಕ್ಕರಿಗೆ ಆರ್ಡರ್ ಕೊಟ್ಟಳು. ಮೊನ್ನೆ ಹೋದಾಗ ನೋಡಿದೆ, ಎದುರುಮನೆಯ ಹುಡುಗ ಓಣಿಯಲ್ಲಿ ನಿಂತು ಡೆಲಿವರಿಯವನಿಗೆ ದಾರಿ ಹೇಳುತ್ತಿದ್ದ: "ಕಿಟಕಿ ಬೇಕರಿನಾ? ಅಗೋ, ಆ ಕಿಟಕಿನೇ ಅಣ್ಣಾ."